ಅಡಿಕೆ ತೋಟಕ್ಕೆ ಡ್ರಿಪ್: ಹಾಕಿದ ದುಡ್ಡು ವಾಪಸ್ ಬರೋದು ಯಾವಾಗ?

ದಾವಣಗೆರೆ: ದೇವರಾಜ ಅರಸು ಬಡಾವಣೆಯಲ್ಲಿ ಮನೆ, ಹರಿಹರ ಅಥವಾ ಚನ್ನಗಿರಿ ಕಡೆ ಒಂದೆರಡು ಎಕರೆ ಅಡಿಕೆ ತೋಟ. ಇಂಥವರು ಡ್ರಿಪ್ ಕಂಪನಿಯ ಕೊಟೇಶನ್ ಕೈಗೆ ಬಂದ ಕೂಡಲೇ ಮಾಡುವ ಲೆಕ್ಕ ಒಂದೇ: ‘ಶೇ 90 ಸಬ್ಸಿಡಿ ಐತಲ್ಲ, 60 ಸಾವಿರದ ಕೆಲಸಕ್ಕೆ ನಮ್ಮದು 6 ಸಾವಿರ ಅಷ್ಟೇ.’ ಈ ಲೆಕ್ಕ ಸಾಮಾನ್ಯವಾಗಿ ತಪ್ಪುತ್ತದೆ. ಒಂದು ಎಕರೆ ತೋಟವನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಇಲ್ಲಿರುವ ಹಣದ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಆ ಜಾಗದಲ್ಲಿ ನಿಮ್ಮ ತೋಟದ ಅಂಕಿ ಹಾಕಿಕೊಳ್ಳಿ.

ಕೈಯಿಂದ ಹೋಗುವುದು ಎಷ್ಟು?

ರಾಜ್ಯದಲ್ಲಿ ಹನಿ ನೀರಾವರಿಗೆ 2 ಹೆಕ್ಟೇರ್‌ವರೆಗೆ ಶೇ 90 ಸಹಾಯಧನವಿದೆ. ಆದರೆ ಅದು ಕಂಪನಿಯ ಕೊಟೇಶನ್ ಮೇಲಲ್ಲ, ಗಿಡದ ಅಂತರ ನೋಡಿ ಇಲಾಖೆ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ ಸಿಗುತ್ತದೆ. ಕೊಟೇಶನ್ 60,000 ರೂ., ಘಟಕ ವೆಚ್ಚ 45,000 ರೂ. ಎಂದುಕೊಳ್ಳಿ. ಸಹಾಯಧನ 40,500 ರೂ. ಬರುತ್ತದೆ, ರೈತನ ಪಾಲು 19,500 ರೂ. ಆಗುತ್ತದೆ. ಬೋರಿನಿಂದ ತೋಟದವರೆಗಿನ ಹೆಚ್ಚುವರಿ ಪೈಪು, ಕಾಲುವೆ ತೋಡುವ ಕೂಲಿ ಕೊಟೇಶನ್‌ನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಈ ವರ್ಷದ ಘಟಕ ವೆಚ್ಚ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಗೊತ್ತಾಗುತ್ತದೆ.

ನೀರು ಉಳಿದರೆ ದುಡ್ಡು ಉಳಿಯುತ್ತದೆಯೇ?

9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಹರಿಸಿದರೆ ಸರಾಸರಿ ದಿನಕ್ಕೆ 24,000 ಲೀಟರ್ ಬೇಕು. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್‌ನಂತೆ 11,000 ಲೀಟರ್ ಸಾಕು. ಬೋರು ಗಂಟೆಗೆ 4,400 ಲೀಟರ್ ಕೊಡುತ್ತಿದ್ದರೆ ಐದೂವರೆ ಗಂಟೆಯ ಕೆಲಸ ಎರಡೂವರೆ ಗಂಟೆಗೆ ಮುಗಿಯುತ್ತದೆ.

ಆದರೆ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಹಾಗಾಗಿ ಮೂರು ಗಂಟೆ ಮೋಟರ್ ಕಡಿಮೆ ಓಡಿದರೂ ಬಿಲ್ಲಿನಲ್ಲಿ ಏನೂ ಉಳಿಯುವುದಿಲ್ಲ. ಉಳಿದ ನೀರಿಗೆ ಬೆಲೆ ಬರುವುದು ಎರಡು ರೀತಿಯಲ್ಲಿ: ಅದರಿಂದ ಇನ್ನೊಂದು ಎಕರೆ ಹಸಿರಾಗಬೇಕು, ಇಲ್ಲವೇ ಬೇಸಿಗೆಯಲ್ಲಿ ನೀರು ಸಾಲದೆ ಹರಳು ಉದುರುತ್ತಿದ್ದ ತೋಟ ಫಸಲು ಉಳಿಸಿಕೊಳ್ಳಬೇಕು.

ವರ್ಷದ ಲಾಭ

ನೀರು ಕಟ್ಟುವ ಆಳಿನ ಕೂಲಿ ವರ್ಷಕ್ಕೆ 6,000 ರೂ. ಉಳಿಯಿತು ಎನ್ನೋಣ. ಫಿಲ್ಟರ್, ಹರಿದ ಪೈಪು, ಆಸಿಡ್ ತೊಳೆತ ಎಂದು 3,000 ರೂ. ಖರ್ಚು. ನಿವ್ವಳ 3,000 ರೂ.

ಇಳುವರಿ ಎಕರೆಗೆ ಅರ್ಧ ಕ್ವಿಂಟಲ್ ಹೆಚ್ಚಾದರೆ, ಕ್ವಿಂಟಲ್‌ಗೆ 40,000 ರೂ. ಹಿಡಿದು 20,000 ರೂ. ಅದರಲ್ಲಿ ಕೊಯ್ಲು, ಸುಲಿಯುವ, ಬೇಯಿಸುವ ಖರ್ಚು 5,000 ರೂ. ಕಳೆದರೆ 15,000 ರೂ. ಇದು ಮೊದಲ ವರ್ಷವೇ ಸಿಗುವುದಿಲ್ಲ. ಈ ಬೇಸಿಗೆಯಲ್ಲಿ ಕಟ್ಟಿದ ಕಾಯಿ ಮಾಗಿ ಕೈಗೆ ಬರಲು ತಿಂಗಳುಗಳೇ ಬೇಕು. ಹಾಗಾಗಿ ಇದನ್ನು ಎರಡನೇ ವರ್ಷದಿಂದ ಹಿಡಿಯುವುದೇ ಸರಿ.

ಮೊದಲ ವರ್ಷ 3,000, ಎರಡನೇ ವರ್ಷ 18,000, ಒಟ್ಟು 21,000 ರೂ. ಅಂದರೆ 19,500 ರೂ. ಎರಡನೇ ವರ್ಷದ ಕೊನೆಗೆ ವಾಪಸ್. ಸಬ್ಸಿಡಿ ಇಲ್ಲದೆ ಪೂರ್ತಿ 60,000 ಹಾಕಿದ್ದರೆ ನಾಲ್ಕು ವರ್ಷಕ್ಕೆ 57,000 ಆಗಿ, ಐದನೇ ವರ್ಷದಲ್ಲಿ ತೀರುತ್ತದೆ.

ಇಳುವರಿ ಹೆಚ್ಚಲೇ ಇಲ್ಲ ಎಂದಾದರೆ? ವರ್ಷಕ್ಕೆ ಬರೀ 3,000. ಸಬ್ಸಿಡಿ ಸಿಕ್ಕರೂ ಆರೂವರೆ ವರ್ಷ. ಅಷ್ಟರಲ್ಲಿ ಲ್ಯಾಟರಲ್ ಪೈಪುಗಳೇ ಬದಲಿಸುವ ಸ್ಥಿತಿಗೆ ಬಂದಿರಬಹುದು. ಈಗಾಗಲೇ ಸಾಕಷ್ಟು ನೀರು ಕಾಣುತ್ತಿರುವ ತೋಟದವರು ಇದನ್ನು ಯೋಚಿಸಬೇಕು. ಭದ್ರಾ ನಾಲೆ ನೀರನ್ನೇ ನಂಬಿದವರಿಗೆ ಇನ್ನೊಂದು ತೊಡಕು: ನಾಲೆ ಸರದಿಯಂತೆ ಬರುತ್ತದೆ, ಡ್ರಿಪ್‌ಗೆ ದಿನವೂ ನೀರು ಬೇಕು. ಬೋರು ಅಥವಾ ಕೃಷಿ ಹೊಂಡ ಇಲ್ಲದಿದ್ದರೆ ಅದರ ಖರ್ಚನ್ನೂ ಸೇರಿಸಬೇಕು.

ಲೆಕ್ಕ ಕೆಡುವುದು ಎಲ್ಲಿ?

ಗಡಸು ನೀರಿನ ಬೋರಿದ್ದಲ್ಲಿ ಡ್ರಿಪ್ಪರ್ ಬಾಯಿಗೆ ಸುಣ್ಣ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಹನಿ ಬೀಳುತ್ತಲೇ ಇರುತ್ತದೆ, ಮರಕ್ಕೆ ಮಾತ್ರ ನೀರು ಸಾಲದು. ಪತ್ತೆ ಮಾಡುವುದು ಸುಲಭ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ 15 ನಿಮಿಷಕ್ಕೆ ಒಂದು ಲೀಟರ್ ಕೊಡಬೇಕು. ಸಾಲಿನ ಮೊದಲ ಮರ ಮತ್ತು ಕೊನೆಯ ಮರದ ಬಳಿ ಡಬ್ಬಿ ಇಟ್ಟು ಅಳೆಯಿರಿ. ಎರಡೂ ಕಡೆ ಕಡಿಮೆ ಬಂದರೆ ಫಿಲ್ಟರ್ ಅಥವಾ ಒತ್ತಡ ನೋಡಿ. ಕೊನೆಯಲ್ಲಿ ಮಾತ್ರ ಕಡಿಮೆಯಾದರೆ ಆ ಪೈಪಿನ ತುದಿ ಬಿಚ್ಚಿ ನೀರು ಹರಿಸಿ ತೊಳೆಯಿರಿ. ತಿಂಗಳಿಗೊಮ್ಮೆ ಈ ಕಾಲು ಗಂಟೆ ಕೊಡದಿದ್ದರೆ ಮೇಲೆ ಹಿಡಿದ ಅರ್ಧ ಕ್ವಿಂಟಲ್ ಬರೀ ಕಾಗದದ ಮೇಲೆ ಉಳಿಯುತ್ತದೆ.