ನೂರೈವತ್ತು ಹೂಗಳ ನೆರಳು

ದೀಪದ ಮುಂದೆ ಸೌಟಿನ ಹಿಡಿಯ ತುದಿ ದೀಪದ ಕಡೆಗಿದ್ದರೆ ಗೋಡೆಯ ಮೇಲೆ ಬೀಳುವುದು ಬರೀ ಒಂದು ಗುಂಡು ಕಲೆ. ಅದನ್ನೇ ಅಡ್ಡ ತಿರುಗಿಸಿದರೆ ಸೌಟೆಂದು ಮಗುವಿಗೂ ಗೊತ್ತಾಗುತ್ತದೆ. ವಸ್ತು ಅದೇ, ನೆರಳು ಬೇರೆ. ಅತಿ ಹೆಚ್ಚು ಹೇಳುವ ನೆರಳನ್ನು ಲೆಕ್ಕ ಹಾಕಿ ಹುಡುಕುವ ವಿಧಾನವೇ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್. ಕಾರ್ಲ್ ಪಿಯರ್ಸನ್ 1901ರಲ್ಲೇ ಇದನ್ನು ರೇಖಾಗಣಿತದ ಪ್ರಶ್ನೆಯಾಗಿ ಬಿಡಿಸಿದ್ದರು.

ಎಡ್ಗರ್ ಆಂಡರ್ಸನ್ ಅಳೆದು, ಆರ್. ಎ. ಫಿಶರ್ 1936ರಲ್ಲಿ ಪ್ರಕಟಿಸಿದ ಐರಿಸ್ ಹೂಗಳ ಪಟ್ಟಿಯನ್ನೇ ನೋಡಬಹುದು. ಮೂರು ಜಾತಿಯ 150 ಹೂಗಳು. ಪ್ರತಿ ಹೂವಿಗೂ ಎಸಳಿನ ಉದ್ದ, ಅಗಲ, ಪುಷ್ಪಪತ್ರದ ಉದ್ದ, ಅಗಲ ಎಂಬ ನಾಲ್ಕು ಅಳತೆ. ಅಂದರೆ ನಾಲ್ಕು ಆಯಾಮದಲ್ಲಿ 150 ಚುಕ್ಕಿಗಳ ಒಂದು ಹಿಂಡು. ಈ ಹಿಂಡು ಗುಂಡಗಿಲ್ಲ, ಸೌತೆಕಾಯಿಯಂತೆ ಒಂದು ಕಡೆಗೆ ಉದ್ದವಾಗಿದೆ.

ಹಿಂಡಿನ ನಡುಮಧ್ಯದಿಂದ ಒಂದು ಗೆರೆ ಎಳೆದು, ಪ್ರತಿ ಚುಕ್ಕಿಯನ್ನೂ ಅದರ ಮೇಲೆ ನೇರವಾಗಿ ಇಳಿಸಬೇಕು. ಆಗ ನಡುಮಧ್ಯ, ಚುಕ್ಕಿ, ಅದು ಇಳಿದ ಜಾಗ ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ. ಅದರ ಕರ್ಣ ಬದಲಾಗುವುದಿಲ್ಲ. ಆದ್ದರಿಂದ ಗೆರೆಯ ಮೇಲಿನ ಹರವು ಹೆಚ್ಚಿದಷ್ಟೂ ಗೆರೆಯಿಂದ ಚುಕ್ಕಿಗಳ ದೂರ ತಗ್ಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಇಲ್ಲಿಯ ಗುಟ್ಟು. ಹರವು ಅತಿ ಹೆಚ್ಚಿರುವ ಗೆರೆ ಮೊದಲ ಕಾಂಪೊನೆಂಟ್. ಅದಕ್ಕೆ ಲಂಬವಾದ ದಿಕ್ಕುಗಳಲ್ಲಿ ಅತಿ ಹರಡಿದ್ದು ಎರಡನೆಯದು. ಹೀಗೆಯೇ ಮುಂದೆ.

ಒಂದು ಎಚ್ಚರಿಕೆ. ಎಸಳಿನ ಉದ್ದವನ್ನು ಮಾತ್ರ ಮಿಲಿಮೀಟರಿನಲ್ಲಿ ಬರೆದರೆ ಅದರ ಹರವು ನೂರು ಪಟ್ಟಾಗಿ, ಮೊದಲ ಗೆರೆ ಅದರ ಕಡೆಗೇ ವಾಲುತ್ತದೆ. ಅದಕ್ಕೇ ಪ್ರತಿ ಅಳತೆಯ ಹರವನ್ನೂ 1ಕ್ಕೆ ಸಮ ಮಾಡಿಕೊಂಡು ಶುರು ಮಾಡುವುದು ವಾಡಿಕೆ. ಹಾಗೆ ಮಾಡಿದಾಗ ಐರಿಸ್‌ನ ಒಟ್ಟು ಹರವು 4. ಕಾಂಪೊನೆಂಟ್‌ಗಳ ಪಾಲು ಸುಮಾರು 2.92, 0.91, 0.15, 0.02.

ಎಷ್ಟನ್ನು ಉಳಿಸಿಕೊಳ್ಳಬೇಕು? ಒಂದು ಅಳತೆಯಷ್ಟೂ ಹರವಿಲ್ಲದ ಕಾಂಪೊನೆಂಟ್ ಬೇಡ, ಅಂದರೆ 1ಕ್ಕಿಂತ ಕಡಿಮೆಯಿದ್ದರೆ ಬಿಡಿ ಎನ್ನುತ್ತದೆ ಕೈಸರ್ ನಿಯಮ. ಅದರಂತೆ ಉಳಿಯುವುದು ಒಂದೇ. ಒಟ್ಟು ಹರವಿನ ಶೇ. 95 ಸಿಗಬೇಕು ಎನ್ನುವವರಿಗೆ ಎರಡು ಬೇಕು: ಶೇ. 73ಕ್ಕೆ ಶೇ. 23 ಸೇರಿ ಹತ್ತಿರಹತ್ತಿರ 96.

ನಿಯಮಗಳು ಜಗಳವಾಡಿದಾಗ, ಬಿಡುವ ಕಾಂಪೊನೆಂಟ್ ಏನನ್ನು ಹೊತ್ತಿದೆ ಎಂದು ನೋಡುವುದೇ ಸರಿಯಾದ ದಾರಿ. ಇಲ್ಲಿ ಎರಡನೆಯ ಗೆರೆ ಬಹುಪಾಲು ಪುಷ್ಪಪತ್ರದ ಅಗಲದ ದಿಕ್ಕಿನಲ್ಲೇ ಇದೆ. ಒಂದನ್ನೇ ಉಳಿಸಿಕೊಂಡರೆ ಆ ಅಗಲದ ಹರವಿನಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ದಕ್ಕುತ್ತದೆ. ಎರಡನ್ನೂ ಇಟ್ಟುಕೊಂಡರೆ ಬಹುತೇಕ ಎಲ್ಲವೂ. ಐರಿಸ್ ಹೂಗಳಿಗೆ ಎರಡು ಕಾಂಪೊನೆಂಟ್ ಬೇಕೇ ಬೇಕು.