ನಿಮಗಿದು ಗೊತ್ತೆ? ಬೇರಿನ ಗಂಟಿನೊಳಗೂ ಕೆಂಪು ಬಣ್ಣ!

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳ ಕಪ್ಪು ಮಣ್ಣಿನಲ್ಲಿ ಮುಂಗಾರಿಗೆ ಸೋಯಾಬೀನ್ ಬಿತ್ತುತ್ತಾರೆ. ಬಿತ್ತಿದ ಸುಮಾರು 40 ದಿನಕ್ಕೆ ಒಂದು ಗಿಡವನ್ನು ಮಣ್ಣುಸಹಿತ ಅಗೆದು, ಬೇರು ತೊಳೆದು ನೋಡಿ. ಕಾಳಿನಂಥ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಗಂಟು ದುಡಿಯುತ್ತಿದೆ. ಬಿಳಿ, ಹಸಿರು ಅಥವಾ ಕಂದು ಇದ್ದರೆ, ಇನ್ನೂ ಎಳೆಯದು ಇಲ್ಲವೇ ಕೆಲಸ ನಿಲ್ಲಿಸಿದ್ದು.

ಆ ಕೆಂಪು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಹೆಸರು ಲೆಗ್‌ಹಿಮೋಗ್ಲೋಬಿನ್.

ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿಸಿ ಗಿಡಕ್ಕೆ ಕೊಡುತ್ತದೆ. ಎಲೆ ತಯಾರಿಸಿದ ಸಕ್ಕರೆಯಿಂದ ಹುಟ್ಟಿದ ಆಹಾರ ಅದಕ್ಕೆ ಕೂಲಿ. ಆದರೆ ಈ ಕೆಲಸ ಮಾಡುವ ಕಿಣ್ವವನ್ನು ಆಮ್ಲಜನಕ ಕೆಡಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲೂ ಅದೇ ಬೇಕು! ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು, ಅಳೆದು ಬಿಡುತ್ತದೆ.

ತೊಗರಿಯ ಬ್ಯಾಕ್ಟೀರಿಯಾ ಸೋಯಾಬೀನ್‌ಗೆ ಸಾಮಾನ್ಯವಾಗಿ ಒಗ್ಗದು. ಮೊದಲ ಬಾರಿ ಸೋಯಾ ಬಿತ್ತುವ ಹೊಲದಲ್ಲಿ ಅದರದೇ ತಳಿ ಇಲ್ಲದಿರಬಹುದು. ಅದಕ್ಕೇ ಬೀಜೋಪಚಾರ: ಆರಿದ ಬೆಲ್ಲದ ನೀರಿನಲ್ಲಿ ಸೋಯಾಬೀನ್‌ನ ರೈಜೋಬಿಯಂ ಪೊಟ್ಟಣದ ಪುಡಿ ಕಲಸಿ, 10 ಕೆ.ಜಿ. ಬೀಜಕ್ಕೆ ಸುಮಾರು 250 ಗ್ರಾಂನಂತೆ ಲೇಪಿಸಿ, ನೆರಳಿನಲ್ಲೇ ಒಣಗಿಸಿ ಅಂದೇ ಬಿತ್ತಬೇಕು. ಬಿಸಿಲಿಗೆ ಹರಡಿದರೆ ಜೀವಾಣು ಸಾಯುತ್ತದೆ. ಶಿಲೀಂಧ್ರನಾಶಕ ಬಳಸುವುದಾದರೆ ಅದು ಮೊದಲು, ರೈಜೋಬಿಯಂ ಕೊನೆಗೆ.

ಯೂರಿಯಾ ಧಾರಾಳವಾಗಿ ಸುರಿದ ಹೊಲದಲ್ಲಿ ಗಂಟು ಕಡಿಮೆ. ಸಾರಜನಕ ಪುಕ್ಕಟೆ ಸಿಕ್ಕಾಗ ಗಿಡ ಕೂಲಿಯಾಳನ್ನು ಕರೆಯುವುದಿಲ್ಲ.