ರಾತ್ರಿ ಲೋಡ್: ವಾರಕ್ಕೆ ನಾಲ್ಕು ನಿಮಿಷದ ಲೆಕ್ಕ

ಹತ್ತಾರು ಶಾಖೆಗಳಿರುವ ದಿನಸಿ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಹಗಲಿಡೀ ಹಾಕಿದ ಬಿಲ್ಲುಗಳನ್ನು ಮುಖ್ಯ ಕಚೇರಿಯ ಡೇಟಾಬೇಸಿಗೆ ತುಂಬುವ ಕೆಲಸ ರಾತ್ರಿ 1 ಗಂಟೆಗೆ ಶುರುವಾಗುತ್ತದೆ. ಬೆಳಿಗ್ಗೆ 6ಕ್ಕೆ ರಿಪೋರ್ಟು ಸಿದ್ಧವಿರಬೇಕು. ಯಾವ ಶಾಖೆಗೆ ಎಷ್ಟು ಬೇಳೆ, ಎಷ್ಟು ಎಣ್ಣೆ ಕಳಿಸಬೇಕೆಂದು ಗೋದಾಮಿನವರು ನೋಡುವುದು ಅದನ್ನೇ.

ಏಪ್ರಿಲ್‌ನಲ್ಲಿ ಈ ಲೋಡ್ 3 ಗಂಟೆಯಲ್ಲಿ ಮುಗಿಯುತ್ತಿತ್ತು. 12 ವಾರ ಕಳೆದು ಜುಲೈ ಬರುವಷ್ಟರಲ್ಲಿ 3 ಗಂಟೆ 48 ನಿಮಿಷ ಹಿಡಿಯತೊಡಗಿತು. ಯಾರಿಂದಲೂ ದೂರಿಲ್ಲ, ರಿಪೋರ್ಟು ಹೊತ್ತಿಗೆ ಸರಿಯಾಗಿ ಸಿಗುತ್ತಿದೆ, ಪರದೆಯ ಮೇಲೆ ದಿನವೂ ಹಸಿರು ಗುರುತು ಬೀಳುತ್ತಿದೆ. ಆ ಗುರುತು ಕೆಲಸ ಮುಗಿಯಿತೆಂದು ಹೇಳುತ್ತದೆಯೇ ಹೊರತು, ಎಷ್ಟು ಎಳೆದಾಡಿ ಮುಗಿಯಿತೆಂದು ಹೇಳುವುದಿಲ್ಲ. ಲೆಕ್ಕ ಹಾಕಿದರೆ ವಾರಕ್ಕೆ 4 ನಿಮಿಷ ಏರುತ್ತಿದೆ. 6 ಗಂಟೆಗೆ ಉಳಿದಿರುವ ಬಿಡುವು 72 ನಿಮಿಷ. ಅಂದರೆ ಇನ್ನು 18 ವಾರ, ನವೆಂಬರ್ ಹೊತ್ತಿಗೆ ಬಿಡುವೆಲ್ಲ ಕರಗುತ್ತದೆ. ದೀಪಾವಳಿಯ ಬಿಲ್ಲುಗಳ ರಾಶಿ ಬಿದ್ದರೆ ಇನ್ನೂ ಮೊದಲೇ.

ಒಟ್ಟು ಸಮಯವೊಂದನ್ನೇ ಬರೆದಿಟ್ಟರೆ ಕಾರಣ ಸಿಗದು. ಪ್ರತಿ ಹಂತ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಎಷ್ಟು ಸಾಲು ಬಂತು ಎಂಬ ಮೂರನ್ನೂ ಒಂದು ಪುಟ್ಟ ಟೇಬಲ್ಲಿನಲ್ಲಿ ದಾಖಲಿಸಬೇಕು. ನಮ್ಮ ಉದಾಹರಣೆಯಲ್ಲಿ ಬಿಲ್ಲು ನಕಲು ಮಾಡುವ ಹಂತ 40 ನಿಮಿಷದಿಂದ 44ಕ್ಕೆ ಏರಿದೆ. ದಿನದ ಬಿಲ್ಲುಗಳೂ ಶೇಕಡ 10ರಷ್ಟು ಹೆಚ್ಚಿವೆ, ಹಾಗಾಗಿ ಅದು ಸಹಜ. ಹೊಸ ಬಿಲ್ಲುಗಳನ್ನು ಹಳೆಯವುಗಳ ಜೊತೆ ಸೇರಿಸುವ ಹಂತ ಮಾತ್ರ 50ರಿಂದ 94ಕ್ಕೆ ಹೋಗಿದೆ. ಕಳ್ಳ ಇರುವುದು ಇಲ್ಲೇ. ಒಂದೇ ಬಿಲ್ಲು ಎರಡು ಸಲ ಸೇರದಿರಲೆಂದು ಈ ಹಂತ ಪ್ರತಿ ರಾತ್ರಿ ಜನವರಿಯಿಂದ ಕೂಡಿಬಿದ್ದ ಬಿಲ್ಲುಗಳನ್ನೆಲ್ಲ ಮೊದಲಿಂದ ಓದುತ್ತಿದೆ. ಆ ರಾಶಿ ಏಪ್ರಿಲ್‌ಗಿಂತ ಈಗ ಸುಮಾರು ಎರಡರಷ್ಟಾಗಿದೆ, ಓದುವ ಹೊತ್ತೂ ಅಷ್ಟೇ. ದೊಡ್ಡ ಸರ್ವರ್ ಕೊಂಡರೆ ಕೆಲವು ತಿಂಗಳು ತಳ್ಳಬಹುದು, ಅಷ್ಟೆ. ಬಿಲ್ಲಿನ ಸಂಖ್ಯೆಗೆ ಇಂಡೆಕ್ಸ್ ಹಾಕಿ ಬೇಕಾದ ಬಿಲ್ಲನ್ನಷ್ಟೇ ಹುಡುಕಿಸುವುದು, ಅಥವಾ ತಡವಾಗಿ ಬರುವ ಬಿಲ್ಲುಗಳು ವಾರದೊಳಗಿನವೇ ಆಗಿದ್ದರೆ ಕಳೆದ ವಾರದ ಬಿಲ್ಲುಗಳನ್ನು ಮಾತ್ರ ನೋಡಿಸುವುದು ನಿಜವಾದ ಮದ್ದು.

ಹೋಲಿಸುವಾಗಲೂ ಜಾಣತನ ಬೇಕು. ಭಾನುವಾರದ ವ್ಯಾಪಾರ ಜೋರು. ಅದರ ಬಿಲ್ಲು ತುಂಬುವ ರಾತ್ರಿಯನ್ನು ಹಿಂದಿನ ಭಾನುವಾರಗಳ ಜೊತೆಯೇ ಇಟ್ಟು ನೋಡಬೇಕು. ಯಾವುದೋ ಶಾಖೆಯ ಫೈಲು ಬರಲಿಲ್ಲವೆಂದು ಕಾದ ಹೊತ್ತನ್ನು ಬೇರೆಯಾಗಿ ಬರೆಯಬೇಕು, ಇಲ್ಲದಿದ್ದರೆ ನೆಟ್‌ವರ್ಕಿನ ತಪ್ಪು ಡೇಟಾಬೇಸಿನ ತಲೆಗೆ ಬರುತ್ತದೆ. ಎಚ್ಚರಿಕೆಯ ಗೆರೆಯನ್ನು 6 ಗಂಟೆಗೇ ಎಳೆದರೆ ಉಪಯೋಗವಿಲ್ಲ. ಬಿಡುವು 90 ನಿಮಿಷಕ್ಕಿಂತ ಕಡಿಮೆಯಾದ ದಿನವೇ ಸಂದೇಶ ಹೋಗುವಂತಿದ್ದರೆ ಸರಿಪಡಿಸಲು ವಾರಗಟ್ಟಲೆ ಕಾಲ ಸಿಗುತ್ತದೆ. ಹಾಗೆಯೇ 3 ಗಂಟೆಯ ಲೋಡ್ ಒಂದು ರಾತ್ರಿ 20 ನಿಮಿಷದಲ್ಲೇ ಮುಗಿದರೆ ಆಗಲೂ ಸಂದೇಶ ಹೋಗಬೇಕು. ಬಹುಶಃ ಅರ್ಧ ಶಾಖೆಗಳ ಬಿಲ್ಲು ಬಂದೇ ಇಲ್ಲ.